ಸ್ತಂಭಾಲೇಖದಲ್ಲಿ ಬರೆದದ್ದನ್ನಷ್ಟೇ ಬರೆದುಕೊಳ್ಳುವುದು: ಎಂಟನೆಯ ತರಗತಿಯ ಎರಡು ಅವಧಿಗಳ ಅನುಭವ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹಾವೇರಿ ಜಿಲ್ಲೆಯ ಒಂದು ವಸತಿ ಶಾಲೆ. ಎಂಟನೆಯ ತರಗತಿಯಲ್ಲಿ ಹೆಚ್ಚಿನ ಮಕ್ಕಳು ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಕಡೆಯವರು. ದತ್ತಾಂಶ ನಿರ್ವಹಣೆಯ ಪಾಠಕ್ಕೆ ಅವರವರ ತಾಲ್ಲೂಕಿನ ಹೆಸರು ಇದ್ದರೆ ಆಸಕ್ತಿ ಬರುತ್ತದೆ ಎಂದು ನಾಲ್ಕು ತಾಲ್ಲೂಕುಗಳ ಜೂನ್ ಮತ್ತು ಜುಲೈ ಮಳೆಯ ಜೋಡಿ ಸ್ತಂಭಾಲೇಖವೊಂದನ್ನು ಡ್ರಾಯಿಂಗ್ ಹಾಳೆಯ ಮೇಲೆ ಬಿಡಿಸಿ ಕಪ್ಪುಹಲಗೆಗೆ ತೂಗುಹಾಕಿದೆ. ಅಂಕಿಗಳು ನಿಜವಾದ ಅಳತೆಯವಲ್ಲ, ನಾನೇ ಕಲ್ಪಿಸಿದವು. ಹಾಗೆಂದು ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ.

ಎರಡನೆಯ ಬೆಂಚಿನಲ್ಲಿ ಕಡಿಮೆ ದೃಷ್ಟಿಯ ಒಬ್ಬ ವಿದ್ಯಾರ್ಥಿನಿ ಕೂರುತ್ತಾಳೆ. ಹಲಗೆಯ ಮೇಲಿನದ್ದನ್ನು ಪಕ್ಕದ ಗೆಳತಿ ಓದಿ ಹೇಳುತ್ತಾಳೆ, ಈಕೆ ಕೇಳಿ ಬರೆದುಕೊಳ್ಳುತ್ತಾಳೆ. ಅಂದು ಗೆಳತಿ ಚಾರ್ಟನ್ನು ಒಮ್ಮೆ ನೋಡಿ, "ಹಾನಗಲ್ಲಾಗ ಮಳಿ ಬಾಳ ಆಗೇತಿ, ಸವಣೂರಾಗ ಕಡಿಮಿ" ಎಂದಳು. "ಎಷ್ಟು?" ಎಂದು ಈಕೆ ಕೇಳಿದಳು. "ಬಾಳ" ಎಂದು ಉತ್ತರ ಬಂತು.

ಸ್ವಲ್ಪ ಹೊತ್ತಿನ ಮೇಲೆ ನಾನು, ಜುಲೈ ತಿಂಗಳಲ್ಲಿ ಅತಿ ಹೆಚ್ಚು ಮಳೆ ಯಾವ ತಾಲ್ಲೂಕಿನಲ್ಲಿ ಎಂದು ಈಕೆಯನ್ನೇ ಕೇಳಿದೆ. "ಹಾನಗಲ್ಲ" ಎಂದಳು. ತಪ್ಪು ಎಂದು ಹೇಳಿ ಕೂರಿಸಿ, ಬೇರೊಬ್ಬನನ್ನು ಎಬ್ಬಿಸಿದೆ. ಚಾರ್ಟಿನಲ್ಲಿ ಜುಲೈಗೆ ಅತಿ ಎತ್ತರದ ಕಂಬ ಸವಣೂರಿನದು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಅವಲೋಕಿಸುತ್ತಿದ್ದ ಮಾರ್ಗದರ್ಶಕ ಅಧ್ಯಾಪಕರು ನನ್ನ ಪುಸ್ತಕದಲ್ಲಿ ಬರೆದ ಷರಾ ಇಷ್ಟೇ: "ಆ ಹುಡುಗಿಯ ಉತ್ತರ ತಪ್ಪಲ್ಲ. ಆಕೆಗೆ ತಲುಪಿದ ಚಾರ್ಟೇ ಬೇರೆ."

ಗೆಳತಿ ಸುಳ್ಳು ಹೇಳಿರಲಿಲ್ಲ. ಜೂನ್ ಕಂಬಗಳನ್ನಷ್ಟೇ ನೋಡಿದರೆ ಆಕೆಯ ಮಾತು ಸರಿ. ಜೊತೆಗೆ, ಮಲೆನಾಡಿನ ಅಂಚಿಗಿರುವ ಹಾನಗಲ್ಲಿನಲ್ಲಿ ಮಳೆ ಹೆಚ್ಚು ಎಂಬುದು ಈ ಕಡೆಯ ಮಕ್ಕಳು ಮನೆಯಲ್ಲಿ ಕೇಳಿಕೊಂಡೇ ಬೆಳೆದ ಮಾತು. ಆಕೆ ಅರ್ಧ ಚಾರ್ಟನ್ನು ನೋಡಿ, ಇನ್ನರ್ಧವನ್ನು ಊರಿನ ತಿಳಿವಳಿಕೆಯಿಂದ ತುಂಬಿದಳು. ಕೇಳಿದವಳಿಗೆ ಒಂದು ತೀರ್ಮಾನ ಸಿಕ್ಕಿತು, ಅದನ್ನು ಪರೀಕ್ಷಿಸಿ ನೋಡಲು ಒಂದು ಅಂಕಿಯೂ ಸಿಗಲಿಲ್ಲ. ಆದ್ದರಿಂದ ಅರ್ಥೈಸುವ ಪಾಠವನ್ನು ಬದಿಗಿಟ್ಟು, ಅದಕ್ಕಿಂತ ಮೊದಲಿನ ಒಂದು ಕೌಶಲಕ್ಕೆ ಎರಡು ಅವಧಿ ಕೊಟ್ಟೆ: ಚಾರ್ಟಿನ ಮೇಲೆ ಬರೆದಿರುವುದನ್ನು, ಇರುವ ಹಾಗೆಯೇ, ಏನನ್ನೂ ಸೇರಿಸದೆ ಬರೆದುಕೊಳ್ಳುವುದು.

ಪಾಠದ ಚೌಕಟ್ಟು

ತರಗತಿ: ಎಂಟು. ವಿಷಯ: ಗಣಿತ, ದತ್ತಾಂಶ ನಿರ್ವಹಣೆ. ಅವಧಿ: 40 ನಿಮಿಷಗಳ ಎರಡು ತರಗತಿ. ಸಾಮಗ್ರಿ: ಎರಡು ಚಾರ್ಟುಗಳು, ಗ್ರಾಫ್ ಹಾಳೆ, ಅಳತೆಪಟ್ಟಿ.

ಕಲಿಕಾ ಉದ್ದೇಶ: ವಿದ್ಯಾರ್ಥಿಯು ಸ್ತಂಭಾಲೇಖದ ಶೀರ್ಷಿಕೆ, ಅಕ್ಷಗಳ ಹೆಸರು, ಸೂಚಿ ಮತ್ತು ಕಂಬಗಳ ಮೇಲಿನ ಅಂಕಿಗಳನ್ನು ಯಥಾವತ್ತಾಗಿ ಬರೆಯುತ್ತಾನೆ/ಳೆ, ಹೋಲಿಕೆ, ಏರಿಳಿತ, ಕಾರಣ ಯಾವುದನ್ನೂ ಆ ಬರಹದಲ್ಲಿ ಸೇರಿಸುವುದಿಲ್ಲ.

ಸೂಚಿ ಎಂದರೆ ಯಾವ ಬಣ್ಣ ಅಥವಾ ಗೆರೆ ಯಾವುದಕ್ಕೆ ಎಂದು ಚಾರ್ಟಿನ ಮೂಲೆಯಲ್ಲಿ ತೋರಿಸುವ ಚೌಕ. ಕಂಪ್ಯೂಟರಿನಲ್ಲಿ ಚಾರ್ಟ್ ಮಾಡಿದವರು ಅದನ್ನು ಲೆಜೆಂಡ್ ಎನ್ನುತ್ತಾರೆ. ಕಂಬದ ತಲೆಯ ಮೇಲೆ ಬರೆದ ಅಂಕಿಗೆ ನಾವು ತರಗತಿಯಲ್ಲಿ ಲೇಬಲ್ ಎಂದೇ ಹೇಳಿದೆವು.

ಬರೆಯುವ ಕ್ರಮ

ಮೊದಲಿಗೆ ಕ್ರಮವನ್ನು ಹಲಗೆಯ ಮೇಲೆ ಬರೆದೆ. ಶೀರ್ಷಿಕೆ, ಅಡ್ಡ ಅಕ್ಷದ ಹೆಸರು, ಅದರ ಕೆಳಗಿನ ಹೆಸರುಗಳು ಎಡದಿಂದ ಬಲಕ್ಕೆ, ಲಂಬ ಅಕ್ಷದ ಹೆಸರು ಮತ್ತು ಅದರ ಮಾನ, ಅದರ ಅಂಕಿಗಳು ಕೆಳಗಿನಿಂದ ಮೇಲಕ್ಕೆ, ಸೂಚಿ, ಚಾರ್ಟಿನಲ್ಲಿರುವ ಕ್ರಮದಲ್ಲೇ, ನಂತರ ಒಂದೊಂದೇ ಕಂಬದ ಲೇಬಲ್, ಕೊನೆಗೆ ಹಾಳೆಯ ಮೇಲೆ ಉಳಿದ ಸಣ್ಣ ಬರಹಗಳೆಲ್ಲ.

ಇದರ ಜೊತೆಗೆ ಒಂದೇ ಒಂದು ನಿಯಮ. ಚಾರ್ಟಿನಲ್ಲಿ ಇಲ್ಲದ, ಬರೆಯುವವರು ಹೇಳಲೇಬೇಕಾದ ಮಾತು ಇದ್ದರೆ ಅದು ಚೌಕ ಆವರಣದಲ್ಲಿ ಬರಬೇಕು. ದುಂಡು ಆವರಣ ಚಾರ್ಟಿನದು, ಚೌಕ ಆವರಣ ನಮ್ಮದು. "(ಮಿ.ಮೀ.)" ಎಂಬುದು ಚಾರ್ಟಿನ ಮಾತು, "[ಲೇಬಲ್ ಇಲ್ಲ]", "[ಓದಲಾಗದು]" ಎಂಬುವು ಬರೆದವರ ಮಾತು. ಈ ಭೇದ ಇಲ್ಲದಿದ್ದರೆ ಕೇಳುವವರಿಗೆ ಯಾರ ಮಾತು ಯಾವುದು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಮೊದಲ ಚಾರ್ಟನ್ನು ಸರಿಯಾಗಿ ಬರೆದಾಗ ಹೀಗಾಗುತ್ತದೆ:

ಶೀರ್ಷಿಕೆ: ನಾಲ್ಕು ತಾಲ್ಲೂಕುಗಳ ಮಳೆ
ಅಡ್ಡ ಅಕ್ಷ: ತಾಲ್ಲೂಕು
ಹೆಸರುಗಳು: ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರು
ಲಂಬ ಅಕ್ಷ: ಮಳೆ (ಮಿ.ಮೀ.)
ಅಂಕಿಗಳು: 0, 40, 80, 120, 160, 200
ಸೂಚಿ: [ತುಂಬಿದ ಬೂದು] ಜೂನ್, [ಓರೆ ಗೆರೆ] ಜುಲೈ
ಹಾನಗಲ್ಲ: ಜೂನ್ 120, ಜುಲೈ 145
ಶಿಗ್ಗಾಂವಿ: ಜೂನ್ 110, ಜುಲೈ [ಕಂಬ ಇದೆ, ಲೇಬಲ್ ಇಲ್ಲ]
ಸವಣೂರ: ಜೂನ್ 90.0, ಜುಲೈ 160
ಹಿರೇಕೆರೂರು: ಜೂನ್ 105, ಜುಲೈ 130*
ಕೆಳಗಿನ ಬರಹ: * 20 ದಿನಗಳದು. ಸೂಚನೆ: ಅಂಕಿಗಳು ಪಾಠಕ್ಕಾಗಿ ಕಲ್ಪಿಸಿದವು, ಅಳತೆಯವಲ್ಲ.

ಮಕ್ಕಳು ಎಡವಿದ ಕಡೆಗಳು

ಮೊದಲ ಎಡವು ಊರ ಹೆಸರಿನಲ್ಲೇ ಆಯಿತು. ನಾನು ಚಾರ್ಟಿನಲ್ಲಿ ಬೇಕೆಂದೇ "ಸವಣೂರ" ಎಂದು ಒಂದು ಕಡೆಯೂ "ಹಿರೇಕೆರೂರು" ಎಂದು ಇನ್ನೊಂದು ಕಡೆಯೂ ಬರೆದಿದ್ದೆ. ಹೆಚ್ಚಿನ ಮಕ್ಕಳು ಎರಡನ್ನೂ ಒಂದೇ ರೀತಿ ಮಾಡಿದರು. "ನಮ್ಮೂರ ಹೆಸರು ಸವಣೂರು ಐತ್ರಿ ಸರ್, ಚಾರ್ಟಿನಾಗ ರು ಬಿಟ್ಟಾರ" ಎಂದು ಒಬ್ಬ ಹುಡುಗ ತಿದ್ದಿ ಕೊಟ್ಟ. ನಮ್ಮ ಜಿಲ್ಲೆಯ ಹೆಸರುಗಳ ಮಟ್ಟಿಗೆ ಇದು ದಿನವೂ ಎದುರಾಗುವ ಪ್ರಶ್ನೆ. ಹಾನಗಲ್, ಹಾನಗಲ್ಲ; ಶಿಗ್ಗಾಂವಿ, ಶಿಗ್ಗಾವಿ, ಶಿಗ್ಗಾಂವ; ಎಲ್ಲ ರೂಪಗಳೂ ಬರಹದಲ್ಲಿ ಸಿಗುತ್ತವೆ. ತಿದ್ದಿದ್ದು ಒಳ್ಳೆಯ ಕನ್ನಡವೇ ಆದರೂ ನಕಲಿಗೆ ಅದು ತಪ್ಪು. ಅದೇ ಚಾರ್ಟಿನ ಪಕ್ಕದಲ್ಲಿರುವ ಕೋಷ್ಟಕದಲ್ಲೋ ಪ್ರಶ್ನೆಯಲ್ಲೋ "ಸವಣೂರ" ಎಂದಿದ್ದರೆ, ಕೇಳಿ ಬರೆದವಳಿಗೆ ಎರಡೂ ಒಂದೇ ಎಂದು ಖಾತ್ರಿಯಾಗಬೇಕಲ್ಲ. ಅಂಕಿಗಳಿಗೂ ಇದೇ ಮಾತು: ಚಾರ್ಟಿನಲ್ಲಿ ೧೨೦ ಎಂದು ಕನ್ನಡ ಅಂಕಿ ಇದ್ದರೆ ೧೨೦ ಎಂದೇ ಬರೆಯಬೇಕು. 90.0 ಎಂದಿದ್ದರೆ 90 ಎಂದು ಬರೆಯಬಾರದು. ದಶಮಾಂಶದ ನಂತರದ ಸೊನ್ನೆ ಅಳತೆ ಎಷ್ಟು ಸೂಕ್ಷ್ಮ ಎಂಬುದನ್ನು ಹೇಳುತ್ತಿರಬಹುದು. ನಮ್ಮ ಚಾರ್ಟಿನಲ್ಲಿ ಅದು ಒಂದೇ ಕಡೆ ಏಕಿದೆ ಎಂದು ಕೇಳುವ ಹಕ್ಕು ಓದುಗರಿಗಿದೆ, ಆದರೆ ಆ ಪ್ರಶ್ನೆ ಅವರಿಗೆ ತಲುಪಬೇಕಾದರೆ ಸೊನ್ನೆ ಮೊದಲು ತಲುಪಬೇಕು.

ರಟ್ಟೀಹಳ್ಳಿ ಕಡೆಯ ಹುಡುಗಿಯೊಬ್ಬಳು "ಹಿರೇಕೆರೂರು, ರಟ್ಟೀಹಳ್ಳಿ" ಎಂದು ಬರೆದಿದ್ದಳು. "ನಮ್ದೂ ಮೊದಲ ಹಿರೇಕೆರೂರ ತಾಲ್ಲೂಕ ಇತ್ರಿ" ಎಂದಳು. ಆಕೆ ಹೇಳಿದ್ದು ಸರಿ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಗೆ ಏಳೇ ತಾಲ್ಲೂಕು. ರಟ್ಟೀಹಳ್ಳಿ ಹಿರೇಕೆರೂರಿನಿಂದ ಬೇರೆಯಾಗಿ ಎಂಟನೆಯದಾದದ್ದು ಆಮೇಲೆ. ಹಳೆಯ ಚಾರ್ಟಿನ "ಹಿರೇಕೆರೂರು" ಮತ್ತು ಇಂದಿನ "ಹಿರೇಕೆರೂರು" ಒಂದೇ ಪ್ರದೇಶವಲ್ಲ ಎಂಬುದು ಅರ್ಥೈಸುವವರಿಗೆ ಬಹಳ ಮುಖ್ಯ. ಆದರೆ ಲೇಬಲ್ ಬರೆಯುವಾಗ ಹೆಸರನ್ನು ಹಿಗ್ಗಿಸಿಬಿಟ್ಟರೆ, ಚಾರ್ಟು ಮಾಡಿದವರು ಯಾವುದನ್ನು ಲೆಕ್ಕಕ್ಕೆ ಹಿಡಿದಿದ್ದರು ಎಂದು ಕೇಳುವ ಅವಕಾಶವೇ ಮುಚ್ಚಿಹೋಗುತ್ತದೆ. ಆಕೆಯ ಟಿಪ್ಪಣಿಯನ್ನು ಪುಟದ ಹಿಂಬದಿಯಲ್ಲಿ ಬರೆಸಿದೆ.

ಎರಡನೆಯ ಎಡವು ಶಿಗ್ಗಾಂವಿಯ ಜುಲೈ ಕಂಬ. "ಕಂಬದ ಮ್ಯಾಲ ಅಂಕಿನ ಇಲ್ರಿ ಸರ್, ಅಂದಾಜು ಬರದ್ರ ನಡೀತೈತೇನ್ರಿ?" ಎಂದು ಕೇಳಿದರು. ಕೇಳದೆಯೇ ಬರೆದವರೂ ಇದ್ದರು: ಒಂದು ಹಾಳೆಯಲ್ಲಿ 130, ಇನ್ನೊಂದರಲ್ಲಿ 135, ಮತ್ತೊಂದರಲ್ಲಿ 140. ಮೂರೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದಾಗ ಮಕ್ಕಳಿಗೇ ಉತ್ತರ ಸಿಕ್ಕಿತು. ಒಂದೇ ಕಂಬದಿಂದ ಮೂರು ಅಂಕಿ ಬಂದರೆ ಅದು ಚಾರ್ಟಿನಲ್ಲಿ ಬರೆದದ್ದಲ್ಲ. ನಾನು ಬಳಸಿದ ಪ್ರಮಾಣ 1 ಸೆಂ.ಮೀ.ಗೆ 20 ಮಿ.ಮೀ. ಮಳೆ. ಕಂಬದ ತುದಿ ಕಾಲು ಸೆಂಟಿಮೀಟರ್ ಆಚೀಚೆ ಕಂಡರೂ 5 ಮಿ.ಮೀ. ವ್ಯತ್ಯಾಸ ಬರುತ್ತದೆ. ಪ್ರಮಾಣ ನೋಡಿ ಎತ್ತರವನ್ನು ಅಳೆಯುವುದೂ ಕಲಿಯಬೇಕಾದ ಕೌಶಲವೇ, ಪಠ್ಯದಲ್ಲೂ ಇದೆ. ಆದರೆ ಅಳೆದು ಪಡೆದ ಅಂಕಿ ಮುದ್ರಿತ ಅಂಕಿಯ ಸಾಲಿನಲ್ಲಿ ಕೂತರೆ ಎರಡಕ್ಕೂ ಒಂದೇ ತೂಕ ಬಂದುಬಿಡುತ್ತದೆ. ಅಂಕಿ ಇಲ್ಲದಿರುವುದಕ್ಕೂ ಸೊನ್ನೆ ಇರುವುದಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ಬಂತು: ಇಬ್ಬರು ಆ ಜಾಗದಲ್ಲಿ 0 ಎಂದು ಬರೆದಿದ್ದರು. ಶಿಗ್ಗಾಂವಿಯಲ್ಲಿ ಜುಲೈಪೂರ್ತಿ ಹನಿಯೂ ಬೀಳಲಿಲ್ಲ ಎಂದಾಯಿತು! ಅದಕ್ಕಾಗಿಯೇ "[ಕಂಬ ಇದೆ, ಲೇಬಲ್ ಇಲ್ಲ]" ಎಂಬ ಉದ್ದದ ಮಾತು.

ಮೂರನೆಯದು ನಾನು ನಿರೀಕ್ಷಿಸದ್ದು. ನಕ್ಷತ್ರದ ಗುರುತನ್ನೂ ಕೆಳಗಿನ ಸಣ್ಣ ಸಾಲನ್ನೂ ಹೆಚ್ಚುಕಡಿಮೆ ಯಾರೂ ಬರೆಯಲಿಲ್ಲ. ಅದು ಚಾರ್ಟಿನ ಭಾಗ ಎಂದು ಅವರಿಗೆ ಅನಿಸಿರಲಿಲ್ಲ. ಮೊದಲ ದಿನ ನಾನೂ ಅದನ್ನು ಓದಿ ಹೇಳಿರಲಿಲ್ಲ. ಅಂಕಿಗಳು ಕಲ್ಪಿತ ಎಂದು ಹೇಳುತ್ತಿದ್ದುದು ಆ ಸಾಲು ಒಂದೇ. ಅದು ಬಿಟ್ಟುಹೋದ ಕೂಡಲೇ ನನ್ನ ಕೈಗೆ ಬಂದ ಅಂಕಿಗಳು ಹಾವೇರಿ ಜಿಲ್ಲೆಯ ಮಳೆಯ ದಾಖಲೆಯಾಗಿಬಿಟ್ಟವು. ಅಂದು ಸಂಜೆ ಊಟದ ಸಾಲಿನಲ್ಲಿ ನಿಂತ ಮಕ್ಕಳು, ಸವಣೂರಿನಲ್ಲಿ ಜುಲೈಗೆ ಹಾನಗಲ್ಲಿಗಿಂತ ಹೆಚ್ಚು ಮಳೆಯಂತೆ ಎಂದು ವಾದ ಮಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆ ವಾದಕ್ಕೆ ಕಾರಣ ನಾನು. ನಕ್ಷತ್ರದ ಗುರುತೂ ಹಾಗೆಯೇ: 130 ಎಂದು ಮಾತ್ರ ಬರೆದರೆ ಇಡೀ ತಿಂಗಳ ಮಳೆ, 130* ಎಂದು ಬರೆದು ಕೆಳಗಿನ ಸಾಲನ್ನೂ ಬರೆದರೆ 20 ದಿನಗಳ ಮಳೆ.

ಎರಡನೆಯ ಅವಧಿ: ಜನಗಣತಿಯ ಎರಡು ಕಂಬ

ಕಲ್ಪಿತ ಅಂಕಿಯ ಪಾಠ ಕಲಿತ ಮೇಲೆ ಎರಡನೆಯ ಅವಧಿಗೆ ನಿಜವಾದ ಅಂಕಿಗಳನ್ನು ತಂದೆ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಆದ್ದರಿಂದ ಪ್ರತ್ಯೇಕ ಜಿಲ್ಲೆಯಾಗಿ ಅದರ ಮೊದಲ ಜನಗಣತಿ 2001ರದು, ಎರಡನೆಯದು 2011ರದು. ಎರಡೇ ಕಂಬಗಳ ಚಾರ್ಟ್ ಬಿಡಿಸಿದೆ. ಅಡ್ಡ ಅಕ್ಷ "ಜನಗಣತಿ ವರ್ಷ", ಲಂಬ ಅಕ್ಷ "ಜನಸಂಖ್ಯೆ (ಲಕ್ಷಗಳಲ್ಲಿ)". ಕಂಬಗಳ ಮೇಲಿನ ಲೇಬಲ್ 14,39,116 ಮತ್ತು 15,97,668.

ಹಾಳೆಯಲ್ಲಿ ಜಾಗ ಸಾಲದೆ ಲಂಬ ಅಕ್ಷವನ್ನು ಸೊನ್ನೆಯ ಬದಲು 14ರಿಂದ ಶುರುಮಾಡಿ 16ಕ್ಕೆ ನಿಲ್ಲಿಸಿದೆ, 1 ಸೆಂ.ಮೀ.ಗೆ 0.2 ಲಕ್ಷ. ಹಾಗಾಗಿ 2001ರ ಕಂಬ ಸುಮಾರು 2 ಸೆಂ.ಮೀ. ಎತ್ತರ, 2011ರದು ಸುಮಾರು 10 ಸೆಂ.ಮೀ. ಚಾರ್ಟು ತೋರಿಸಿ, ಏನನ್ನೂ ಬರೆಯುವ ಮೊದಲು, ಕಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಎಂದೆ. "ಹತ್ತ ವರ್ಷದಾಗ ಜನ ಐದ ಪಟ್ಟ ಆಗ್ಯಾರ್ರಿ" ಎಂದು ಮೊದಲ ಉತ್ತರ ಬಂತು, ತರಗತಿಯೂ ತಲೆಯಾಡಿಸಿತು. ಕಣ್ಣಿಗೆ ಕಂಡದ್ದು ಹಾಗೆಯೇ.

ಆಮೇಲೆ ಕ್ರಮದ ಪ್ರಕಾರ ಬರೆಯಲು ಹೇಳಿದೆ. ಲಂಬ ಅಕ್ಷದ ಅಂಕಿಗಳು ಕೆಳಗಿನಿಂದ ಮೇಲಕ್ಕೆ: 14.0, 14.4, 14.8, 15.2, 15.6, 16.0. ಮೊದಲ ಅಂಕಿಯನ್ನು ಬರೆಯುವಾಗಲೇ ಹಲವರ ಪೆನ್ನು ನಿಂತಿತು. "ಸರ್, ಇದು ಸೊನ್ನಿಯಿಂದ ಶುರು ಆಗಿಲ್ಲ" ಎಂದು ಹೇಳಿದ್ದು ಐದು ಪಟ್ಟು ಎಂದವನೇ. ಲೇಬಲ್ ಬರೆದ ನಂತರ ವ್ಯವಕಲನ ಮಾಡಲು ಬಿಟ್ಟೆ: ಹೆಚ್ಚಳ 1,58,552; ಅಂದರೆ 2001ರ ಸಂಖ್ಯೆಯ ಸುಮಾರು 11 ಶೇಕಡಾ. ಈ ಲೆಕ್ಕ ಪುಟದ ಹಿಂಬದಿಯಲ್ಲಿ ಹೋಯಿತು, ನಕಲಿನಲ್ಲಿ ಅಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಅಕ್ಷ ಲಕ್ಷಗಳಲ್ಲಿದೆ, ಲೇಬಲ್ ಪೂರ್ಣ ಸಂಖ್ಯೆಯಲ್ಲಿದೆ. ಇಬ್ಬರು ಹೊಂದಿಕೆಯಾಗಲೆಂದು 14,39,116 ಅನ್ನು 14.39 ಮಾಡಿದ್ದರು. ಇನ್ನೊಬ್ಬಳು ಅಕ್ಷದ ಹೆಸರನ್ನು "ಜನಸಂಖ್ಯೆ" ಎಂದಷ್ಟೇ ಬರೆದು "(ಲಕ್ಷಗಳಲ್ಲಿ)" ಬಿಟ್ಟಿದ್ದಳು. ಅವಳ ಹಾಳೆಯನ್ನು ನಂಬಿದರೆ ಅಕ್ಷದ ತುದಿಯಲ್ಲಿರುವುದು ಹದಿನಾರು ಜನ. ಮಾನವು ಅಕ್ಷದ ಹೆಸರಿನ ಬಾಲವಲ್ಲ, ಅದರ ಅರ್ಧ ಭಾಗ ಎಂದು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಕಲು ಸರಿಯೇ ಎಂದು ತಿಳಿಯುವ ಬಗೆ

ನಕಲನ್ನು ನಾನು ಒಬ್ಬನೇ ತಿದ್ದುತ್ತಾ ಕೂತರೆ ಅದು ಕಾಗುಣಿತದ ಪರೀಕ್ಷೆಯಾಗುತ್ತದೆ. ಅದರ ಬದಲು ಮರುಚಿತ್ರಣ ಮಾಡಿಸಿದೆ. ಪಕ್ಕದ ವಿಭಾಗದ ಮಕ್ಕಳಿಗೆ ಚಾರ್ಟು ತೋರಿಸದೆ, ನಮ್ಮವರ ಹಾಳೆಯನ್ನಷ್ಟೇ ಕೊಟ್ಟು, ಗ್ರಾಫ್ ಹಾಳೆಯ ಮೇಲೆ ಚಾರ್ಟನ್ನು ಮತ್ತೆ ಬಿಡಿಸಲು ಹೇಳಿದೆ. ಬಿಡಿಸಿದ್ದನ್ನು ಮೂಲದ ಪಕ್ಕ ಹಿಡಿದಾಗ ದೋಷ ಎಲ್ಲಿದೆ ಎಂದು ತಾನಾಗಿ ಕಾಣುತ್ತದೆ. ಸೂಚಿ ಬಿಟ್ಟ ಹಾಳೆಯಿಂದ ಬಂದ ಚಾರ್ಟಿನಲ್ಲಿ ಜೂನ್, ಜುಲೈ ಅದಲುಬದಲಾಗಿದ್ದವು. ಲಂಬ ಅಕ್ಷದ ಅಂಕಿಗಳನ್ನು ಬಿಟ್ಟ ಹಾಳೆಯಿಂದ ಬಂದ ಜನಗಣತಿ ಚಾರ್ಟಿನಲ್ಲಿ ಎರಡೂ ಕಂಬ ಹೆಚ್ಚುಕಡಿಮೆ ಒಂದೇ ಎತ್ತರ. "ಹಾನಗಲ್ಲಾಗ ಮಳಿ ಬಾಳ" ಎಂಬಂಥ ವಾಕ್ಯವಿದ್ದ ಹಾಳೆ ಪಡೆದ ಹುಡುಗ ಅಳತೆಪಟ್ಟಿ ಹಿಡಿದು, "ಬಾಳ ಅಂದ್ರ ಎಷ್ಟ ಸೆಂಟಿಮೀಟರ್ರಿ?" ಎಂದು ಕೇಳಿದ. ವಿವರಣೆಯಿಂದ ಕಂಬ ಬಿಡಿಸಲಾಗದು ಎಂಬುದು ಆ ಒಂದು ಪ್ರಶ್ನೆಯಲ್ಲಿ ತರಗತಿಗೆ ಅರ್ಥವಾಯಿತು.

ಈ ವಿಧಾನಕ್ಕೆ ಒಂದು ಮಿತಿ ಇದೆ. ಲೇಬಲ್‌ಗಳೇ ಇಲ್ಲದ ಚಾರ್ಟಿನಿಂದ, ಉದಾಹರಣೆಗೆ ಬರೀ ರೇಖೆ ಇರುವ ಚಾರ್ಟಿನಿಂದ, ಈ ರೀತಿಯ ನಕಲು ಅಕ್ಷ ಮತ್ತು ಸೂಚಿಯನ್ನು ಮಾತ್ರ ತರಬಲ್ಲದು. ಅಲ್ಲಿ ರೇಖೆ ಹೇಗೆ ಹೋಗುತ್ತದೆ ಎಂದು ಬೇರೆ ರೀತಿಯಲ್ಲಿ ತಲುಪಿಸಬೇಕು. ಉಬ್ಬುರೇಖೆಯ ಹಾಳೆಯೋ, ಅಳೆದ ಅಂಕಿಗಳ ಪ್ರತ್ಯೇಕ ಪಟ್ಟಿಯೋ ಬೇಕು. ನಮ್ಮ ಮೊದಲ ಚಾರ್ಟಿನಲ್ಲೂ ಶಿಗ್ಗಾಂವಿಯ ಜುಲೈ ಕಂಬವನ್ನು ಯಾರೂ ಮತ್ತೆ ಬಿಡಿಸಲಾಗಲಿಲ್ಲ. ಒಳ್ಳೆಯ ಹಾಳೆಗಳಿಂದ ಬಂದ ಚಾರ್ಟುಗಳಲ್ಲಿ ಆ ಜಾಗ ಖಾಲಿ ಇತ್ತು, ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನನ್ನ ಪ್ರಕಾರ ಅದೇ ಸರಿಯಾದ ಮರುಚಿತ್ರಣ.

ಪ್ರತಿಫಲನ

ಬಿ.ಎಡ್. ತರಗತಿಯಲ್ಲಿ ನಾವು ಕಲಿತ ಪಾಠ ಯೋಜನೆಗಳಲ್ಲಿ ಚಾರ್ಟು ತೋರಿಸಿದ ಮರುಕ್ಷಣವೇ "ಏನನ್ನು ಗಮನಿಸಿದಿರಿ?" ಎಂಬ ಪ್ರಶ್ನೆ ಬರುತ್ತದೆ. ನನ್ನ ಯೋಜನೆಯಲ್ಲೂ ಅದೇ ಇತ್ತು. ಈಗ ಆ ಪ್ರಶ್ನೆಗೆ ಮೊದಲು "ಏನು ಬರೆದಿದೆ?" ಎಂಬ ಪ್ರಶ್ನೆ ಇಟ್ಟಿದ್ದೇನೆ, ಅದಕ್ಕೆ ಹತ್ತು ನಿಮಿಷ ಕೊಡುತ್ತೇನೆ. ಗಮನಿಸಿದ್ದು, ಹೋಲಿಸಿದ್ದು, ಊಹಿಸಿದ್ದು ಎಲ್ಲ ಪುಟದ ಹಿಂಬದಿಗೆ.

ಸಹ-ಪ್ರಶಿಕ್ಷಣಾರ್ಥಿಗಳಿಗೆ ಇನ್ನೊಂದು ಮಾತು. ನಾಳೆ ನಮ್ಮಲ್ಲಿ ಯಾರಾದರೂ ಪರೀಕ್ಷೆಯಲ್ಲಿ ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆ ಓದಿ ಹೇಳುವವರಾಗಿ ಕೂರಬಹುದು. ಪ್ರಶ್ನೆ "ಯಾವ ವರ್ಷ ಹೆಚ್ಚು?" ಎಂದಿರುವಾಗ, ಚಾರ್ಟಿನ ಬಗ್ಗೆ ನಾವು "ಇದು ಏರುತ್ತಾ ಹೋಗಿದೆ" ಎಂದರೆ ಉತ್ತರವನ್ನೇ ಹೇಳಿದಂತೆ. ಅಕ್ಷದ ಮಾನವನ್ನು ಓದದೆ ಬಿಟ್ಟರೆ ಉತ್ತರವನ್ನು ಕಸಿದುಕೊಂಡಂತೆ. ಎರಡರ ನಡುವೆ ಇರುವುದು ಬರೆದದ್ದನ್ನು ಬರೆದ ಕ್ರಮದಲ್ಲಿ ಓದುವ ಕೆಲಸ.

ಎರಡನೆಯ ಬೆಂಚಿನ ವಿದ್ಯಾರ್ಥಿನಿಗೆ ಮೊದಲ ಚಾರ್ಟಿನ ನಕಲನ್ನು ಗೆಳತಿ ಮತ್ತೆ ಓದಿ ಹೇಳಿದಳು, ಈ ಬಾರಿ ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ. ಕೇಳಿ ಮುಗಿಸಿ ಆಕೆ ನನ್ನನ್ನು ಕೇಳಿದಳು: "ಸರ್, ಅಂಕಿ ಎಲ್ಲಾ ಕಲ್ಪಿಸಿದ್ವು ಅಂತ ಬರದೈತಿ. ಮತ್ತ ಮೊನ್ನೆ ನನ್ನ ಉತ್ತರ ತಪ್ಪು ಅಂತ ಹೆಂಗ ಹೇಳಿದ್ರಿ?" ಚಾರ್ಟಿನ ಪ್ರಕಾರ ತಪ್ಪು, ಊರಿನ ಮಳೆಯ ಬಗ್ಗೆ ಈ ಚಾರ್ಟು ಏನೂ ಹೇಳುವುದಿಲ್ಲ ಎಂದೆ. ತರಗತಿಯ ಮುಂದೆ ಆಕೆಯ ಕ್ಷಮೆ ಕೇಳಿ, ಮಾರ್ಗದರ್ಶಕರ ಷರಾದ ಕೆಳಗೆ ಆಕೆಯ ಪ್ರಶ್ನೆಯನ್ನು ಇದ್ದ ಹಾಗೆಯೇ ಬರೆದುಕೊಂಡೆ.